ತುರಿಕೆ ಇಲ್ಲದವರೂ ಹಚ್ಚಿಕೊಳ್ಳಬೇಕು

ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಕಜ್ಜಿಯ ಸುದ್ದಿ ಬಂತೆಂದರೆ ಹುಡುಗರು ಮೊದಲು ಹುಡುಕುವುದು, ಯಾರಿಗಂತೆ, ಯಾವ ರೂಮಂತೆ ಎಂದು. ತಿಳಿವಳಿಕೆಯುಳ್ಳ ವಾರ್ಡನ್ ಅವೆರಡನ್ನೂ ಬರೆಯುವುದಿಲ್ಲ. ಹೆಸರು ಬಿತ್ತೆಂದರೆ ಉಳಿದವರು ತುರಿಕೆಯನ್ನು ಬಚ್ಚಿಡುತ್ತಾರೆ. ನೋಟಿಸಿನ ಮೊದಲ ಸಾಲು ಹೀಗಿದ್ದರೆ ಒಳ್ಳೆಯದು: ‘ಶನಿವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ.’

ತಕರಾರು ಏಳುವುದು ಕೊನೆಯ ಆ ಎರಡು ಪದಗಳಿಗೆ. ‘ಸಾರ್, ನಂಗೇನೂ ಆಗಿಲ್ಲ, ನಾನ್ಯಾಕೆ ಹಚ್ಕೋಬೇಕು?’ ಉತ್ತರ ಹುಳುವಿನ ದಿನಚರಿಯಲ್ಲಿದೆ. ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಹೆಣ್ಣು ನುಸಿ ಚರ್ಮದ ಮೇಲ್ಪದರವನ್ನು ಕೊರೆದು, ಒಳಗೇ ಸಾಗುತ್ತ, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ನಮಗೆ ತುರಿಸುವುದು ಅದು ಕೊರೆದದ್ದಕ್ಕಲ್ಲ. ಹುಳು, ಮೊಟ್ಟೆ, ಹಿಕ್ಕೆಗಳ ವಿರುದ್ಧ ದೇಹ ಕೆರಳಿದಾಗ. ಮೊದಲ ಸಲ ಕಜ್ಜಿ ಹತ್ತಿದವನಲ್ಲಿ ಹಾಗೆ ಕೆರಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಅವನು ಹಾಯಾಗಿ ನಿದ್ದೆ ಮಾಡುತ್ತ ಪಕ್ಕದವರಿಗೆ ಹಂಚುತ್ತಿರಬಹುದು. ಹಿಂದೊಮ್ಮೆ ಕಜ್ಜಿ ಆಗಿದ್ದವನಿಗೆ ಮಾತ್ರ ಒಂದೆರಡು ದಿನದಲ್ಲೇ ತುರಿಕೆ ಏಳುತ್ತದೆ.

60 ಹುಡುಗರ ಹಾಸ್ಟೆಲ್ ಒಂದನ್ನು ತೆಗೆದುಕೊಳ್ಳೋಣ. ಎಂಟು ಜನ ರಾತ್ರಿಯಿಡೀ ಬೆರಳ ಸಂದು, ಮಣಿಕಟ್ಟು, ಸೊಂಟ, ತೊಡೆಸಂದು ಕೆರೆದುಕೊಳ್ಳುತ್ತಿದ್ದಾರೆ. ಆ ಎಂಟು ಜನಕ್ಕಷ್ಟೇ ಔಷಧಿ ಕೊಟ್ಟರೆ, ಸದ್ದಿಲ್ಲದೆ ಹುಳು ಸಾಕಿಕೊಂಡ ಉಳಿದವರಿಂದ ಅವರಿಗೇ ಮತ್ತೆ ಹತ್ತುತ್ತದೆ. ಹೀಗಾಗಿಯೇ ಎಲ್ಲರಿಗೂ ಒಂದೇ ರಾತ್ರಿ. ಶೇ. 5ರ ಪರ್ಮೆಥ್ರಿನ್ ಮುಲಾಮು ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು, ಅಂದರೆ ತಲೆಗೊಂದು ಟ್ಯೂಬ್. ಹಾಸ್ಟೆಲುಗಳು ಎಡವುವುದು ಇಲ್ಲೇ: ನಾಲ್ವರಿಗೊಂದು ಟ್ಯೂಬ್ ಹಂಚಿ, ತುರಿಸುವ ಕಡೆ ಮಾತ್ರ ಸವರಿಸುತ್ತಾರೆ. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಬೇಕು: ಹೊಕ್ಕುಳು, ಕಂಕುಳು, ಗುಪ್ತಾಂಗ, ಕತ್ತರಿಸಿದ ಉಗುರಿನ ಅಡಿ. ಬೆನ್ನಿಗೆ ರೂಮ್‌ಮೇಟ್ ಕೈ ಬೇಕಾಗುತ್ತದೆ. ಎಂಟರಿಂದ ಹದಿನಾಲ್ಕು ಗಂಟೆ ಮೈಮೇಲಿದ್ದು, ಬೆಳಿಗ್ಗೆ ಸ್ನಾನ. ನಡುರಾತ್ರಿ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಊಟವಾದ ಮೇಲೆ ಎಂದು ಬರೆದದ್ದು ಅದಕ್ಕೇ.

ಇಷ್ಟಕ್ಕೆ ಮುಗಿಯಲಿಲ್ಲ. ಕೆಲವು ಮೊಟ್ಟೆಗಳು ಔಷಧಿಗೆ ಸಾಯದೆ ಉಳಿಯಬಹುದು. ಅವು ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ, ಮರಿ ಬೆಳೆದು ಮೊಟ್ಟೆ ಇಡಲು ಇನ್ನೂ ಹತ್ತು ದಿನದ ಮೇಲಾಗುತ್ತದೆ. ಆ ನಡುವೆ ಹಿಡಿಯಬೇಕೆಂದೇ ಮುಂದಿನ ಶನಿವಾರ ಎರಡನೇ ಸುತ್ತು. 60 ಜನಕ್ಕೆ 120 ಟ್ಯೂಬ್ ಎಂದರೆ ವಾರ್ಡನ್ ಕೈಗೆ ಬಿಸಿ ತಟ್ಟುವ ಖರ್ಚೇ. ಅಂಥಲ್ಲಿ ವೈದ್ಯರು ತೂಕ ನೋಡಿ ಐವರ್ಮೆಕ್ಟಿನ್ ಮಾತ್ರೆ ಬರೆಯುವುದುಂಟು. ಅದನ್ನೂ ಎರಡು ಸಲ ತೆಗೆದುಕೊಳ್ಳಬೇಕು.

ಇನ್ನು ಬಟ್ಟೆ. ಸಾಮಾನ್ಯವಾಗಿ ನೋಟಿಸಿನ ಮುಕ್ಕಾಲು ಭಾಗ ಇದನ್ನೇ ಹೇಳುತ್ತದೆ, ನನ್ನ ಪ್ರಕಾರ ಅದು ಅತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಕಜ್ಜಿ ರೋಗಿಗಳು ಬಳಸಿದ ಹಾಸಿಗೆ ಹೊದಿಕೆಗಳಲ್ಲಿ ಸ್ವಯಂಸೇವಕರನ್ನು ಮಲಗಿಸಿ ನೋಡಿದ. ಕಜ್ಜಿ ಹತ್ತಿದವರು ತೀರಾ ಕಡಿಮೆ. ಹುಳು ದಾಟುವುದು ಮುಖ್ಯವಾಗಿ ಮೈಗೆ ಮೈ ತಾಗಿ, ಅದೂ ಒಂದಷ್ಟು ಹೊತ್ತು ತಾಗಿದರೆ: ಒಂದೇ ಚಾಪೆಯಲ್ಲಿ ಇಬ್ಬರು ಮಲಗುವುದು, ಕುಸ್ತಿ, ಹೆಗಲ ಮೇಲೆ ಕೈ.

ಹಾಗೆಂದು ಬಟ್ಟೆಯನ್ನು ಬಿಡುವಂತಿಲ್ಲ. ಮೈಯಿಂದ ಹೊರಬಿದ್ದ ಹುಳು ಎರಡು ಮೂರು ದಿನ ಬದುಕಬಲ್ಲದು. ಭಾನುವಾರ ಬೆಳಿಗ್ಗೆ, ಹಿಂದಿನ ಮೂರು ದಿನ ತೊಟ್ಟ ಬಟ್ಟೆ, ಟವೆಲ್, ಚಾದರ, ದಿಂಬಿನ ಕವರುಗಳನ್ನು ಕೈಯಿಡಲಾಗದಷ್ಟು ಬಿಸಿ ನೀರಿನಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಮುಳುಗಿಸಿ, ಒಗೆದು, ಬಿಸಿಲಿಗೆ ಹಾಕಿದರಾಯಿತು. 50 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಹುಳುವೂ ಮೊಟ್ಟೆಯೂ ಉಳಿಯುವುದಿಲ್ಲ. ಒಗೆಯಲಾಗದ ರಗ್ಗು, ಸ್ವೆಟರ್ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರ ಬಿಟ್ಟರೆ ಸಾಕು. ರೂಮಿಗೆ ಕೀಟನಾಶಕ ಹೊಡೆಸುವುದು ದಂಡದ ಖರ್ಚು.

ನೋಟಿಸಿನಲ್ಲಿ ಸೇರಲೇಬೇಕಾದ ಇನ್ನೊಂದು ಸಾಲಿದೆ: ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಇದು ಗೊತ್ತಿಲ್ಲದವರು ದಿನವೂ ಮುಲಾಮು ಬಳಿದು ಚರ್ಮ ಸುಟ್ಟುಕೊಳ್ಳುತ್ತಾರೆ, ಇಲ್ಲವೇ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಬೆರೆತ ಕ್ರೀಮ್ ತರುತ್ತಾರೆ. ಅದು ತುರಿಕೆ ತಗ್ಗಿಸಿ, ಹುಳುವನ್ನು ಮರೆಮಾಚುತ್ತದೆ. ಹೊಸ ಗುಳ್ಳೆ ಏಳುತ್ತಲೇ ಇದ್ದರೆ, ನಾಲ್ಕು ವಾರವಾದರೂ ತುರಿಕೆ ನಿಲ್ಲದಿದ್ದರೆ, ಕೀವು ತುಂಬಿದರೆ ವೈದ್ಯರ ಬಳಿಗೇ ಹೋಗಬೇಕು.

ಶನಿವಾರ ಊರಿಗೆ ಹೋದ ಹುಡುಗರನ್ನು ಮಾತ್ರ ಮರೆಯಬಾರದು. ಟ್ಯೂಬ್ ಅವರ ಬ್ಯಾಗಿಗೇ ಹಾಕಿ ಕಳಿಸಿ, ಮನೆಯವರಿಗೆ ಫೋನ್ ಮಾಡಿ ಅದೇ ರಾತ್ರಿ ಹಚ್ಚಿಸಲು ಹೇಳಬೇಕು. ಅವನ ಜೊತೆ ಮಲಗುವ ತಮ್ಮನಿಗೆ ಮುಲಾಮು ಬೇಕೇ ಎಂದು ಅವರ ಊರಿನ ವೈದ್ಯರನ್ನು ಕೇಳುವುದು ಮನೆಯವರ ಪಾಲಿನ ಕೆಲಸ.