ಪ್ರಾರ್ಥನಾ ಸಭೆಯ ಬಿನ್ನವತ್ತಳೆ

ಅರಸರೂ ದಿವಾನರೂ ಊರಿಗೆ ಚಿತ್ತೈಸಿದಾಗ ಪುರಪ್ರಮುಖರು ಕೈಜೋಡಿಸಿ ನಿಂತು ಓದಿ, ಗಂಧದ ಕರಂಡಕದಲ್ಲಿರಿಸಿ ಒಪ್ಪಿಸುತ್ತಿದ್ದ ಬಿನ್ನವತ್ತಳೆಯು, ಅರಸೊತ್ತಿಗೆ ಅಳಿದ ಮೇಲೂ ನಮ್ಮ ಶಾಲೆಗಳಲ್ಲಿ ಸುಖವಾಗಿ ಬಾಳುತ್ತಿದೆ. ನಿವೃತ್ತರಾಗುವ ಮುಖ್ಯೋಪಾಧ್ಯಾಯರನ್ನು ಕುರಿತು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯು ಓದುವ ಎರಡು ಹಾಳೆಯ ಬರಹವನ್ನು ನೋಡಿದವರಿಗೆ ಅದರ ವಂಶ ತಿಳಿಯದಿರದು: ‘ಜ್ಞಾನನಿಧಿಯೇ’, ‘ಶಿಸ್ತಿನ ಸಾಕಾರಮೂರ್ತಿಯೇ’ ಎಂದು ಪರಿಚ್ಛೇದಕ್ಕೊಂದು ಸಂಬೋಧನೆ, ಅದರ ಕೆಳಗೆ ನಾಲ್ಕು ಸಾಲಿನ ಸ್ತುತಿ, ತುದಿಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿವೃಂದ’.

ವಿದ್ಯಾರ್ಥಿಗಳು ಗುರುವನ್ನು ಕಳುಹಿಸಿಕೊಡುವುದಕ್ಕೆ ಈ ಸ್ತುತಿಪಾಠವೇ ಬೇಕೆಂದಿಲ್ಲ. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ಹುಡುಗರು ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. ಆ ದಿನ ಯಾರು ಏನು ಭಾಷಣ ಮಾಡಿದರೆಂದು ಕೇಳುವವರಿಲ್ಲ. ಎಳೆದ ಗಾಡಿಯನ್ನು ಮಾತ್ರ ನಾಡು ಇಂದಿಗೂ ಹೇಳಿಕೊಳ್ಳುತ್ತದೆ.

ನಾನು ಬಲ್ಲ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಥದೊಂದು ಬರಹ ಹುಟ್ಟಿದ ಬಗೆಯನ್ನು ಹೇಳಬೇಕು. ಮೊದಲ ತೊಡಕು ಪಂಚಾಂಗದ್ದು. ರಾಜ್ಯ ಸರ್ಕಾರದ ನೌಕರರು ಅರುವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ; ತಿಂಗಳ ಮೊದಲನೆಯ ತಾರೀಖಿನಲ್ಲೇ ಹುಟ್ಟಿದವರಿಗಾದರೋ ಹಿಂದಿನ ತಿಂಗಳ ಕೊನೆಯ ದಿನವೇ ಗಡುವು. ಹಿಂದಿನ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಜನ್ಮದಿನ ನೆನಪಿಲ್ಲದ ತಂದೆತಾಯಿಗಳ ಸಂಕಟವನ್ನು ಮೇಷ್ಟರು ‘ಜೂನ್ 1’ ಎಂದು ಬರೆದು ಪರಿಹರಿಸುತ್ತಿದ್ದುದುಂಟು. ಹಾಗೆ ಹುಟ್ಟಿಸಲ್ಪಟ್ಟವರಲ್ಲಿ ನಮ್ಮ ಮುಖ್ಯೋಪಾಧ್ಯಾಯರೂ ಒಬ್ಬರು. ಮೇ 31ರಂದು ಅವರು ನಿವೃತ್ತರಾಗುವಾಗ ಬೇಸಿಗೆಯ ರಜೆ. ಅಂಗಳದಲ್ಲಿ ಒಂದು ಮಗುವೂ ಇರದು. ಆದಕಾರಣ ವಿದ್ಯಾರ್ಥಿಗಳ ಮಾತು ಏಪ್ರಿಲ್ 9ರ ಬೆಳಿಗ್ಗೆಯೇ ಆಗಬೇಕೆಂದು ನಿಶ್ಚಯವಾಯಿತು. ಅಷ್ಟು ಹೊತ್ತಿಗೆ ಹತ್ತನೆಯ ತರಗತಿಯವರು ಪರೀಕ್ಷೆ ಬರೆದು ಮನೆ ಸೇರಿದ್ದರಾಗಿ, ಶಾಲಾ ಸಂಸತ್ತಿನ ಮುಖ್ಯಮಂತ್ರಿಣಿಯೂ ಊರಲ್ಲಿರಲಿಲ್ಲ. ಓದುವ ಭಾರ ಒಂಬತ್ತನೆಯ ತರಗತಿಯ ಉಪಮುಖ್ಯಮಂತ್ರಿಯ ಪಾಲಿಗೆ ಬಂತು.

ಕನ್ನಡ ಪಂಡಿತರು ಕರಡನ್ನು ಬರೆದುಕೊಟ್ಟರು, ಸಮಾಸಗಳಿಗೆ ಬರವಿರಲಿಲ್ಲ. ಹುಡುಗ ಗಟ್ಟಿಯಾಗಿ ಓದಿ ನೋಡಿದಾಗ ಏಳು ನಿಮಿಷ ಹಿಡಿಯಿತು. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಸುದ್ದಿವಾಚನ, ಸುಭಾಷಿತ, ರಾಷ್ಟ್ರಗೀತೆ ಇಷ್ಟೂ ಮುಗಿಯಬೇಕಾದ ಸಭೆಯಲ್ಲಿ, ಏಪ್ರಿಲ್ ಬಿಸಿಲಿಗೆ ಸಾಲಾಗಿ ನಿಂತ ಮಕ್ಕಳು ಮೂರು ನಿಮಿಷಕ್ಕೆ ಮೇಲೆ ಕೇಳಲಾರರು. ಮುಂದಿನ ಸಾಲಿನವರು ಕಾಲು ಬದಲಾಯಿಸತೊಡಗಿದರೆಂದರೆ ಓದುಗನು ಸೋತನೆಂದೇ ತಿಳಿಯಬೇಕು. ಅಲ್ಲದೆ ‘ಕರ್ತವ್ಯಪರಾಯಣತೆ’ಯ ಬಳಿಗೆ ಬಂದಾಗಲೆಲ್ಲ ಹುಡುಗನು ಉಸಿರು ತಪ್ಪಿ ನಿಲ್ಲುತ್ತಿದ್ದನು. ನಿಧಾನವಾಗಿ ಓದಿದರೆ ಮೂರು ನಿಮಿಷಕ್ಕೆ ಮುನ್ನೂರು ಪದ ಹೆಚ್ಚು, ಇನ್ನೂರೈವತ್ತು ಹಿತ.

ಪಂಡಿತರು ಒಳ್ಳೆಯವರು, ಸಂಬೋಧನೆಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಹೊಡೆದುಹಾಕಿ, ‘ನಿನಗೇನು ನೆನಪಿದೆಯಪ್ಪಾ, ಅದನ್ನು ಬರೆ’ ಎಂದರು. ಹುಡುಗ ಮಧ್ಯಾಹ್ನದ ಬಿಸಿಯೂಟವನ್ನು ಕುರಿತು ಬರೆದನು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟು ಸಹಿ ಮಾಡುವುದು ವಾಡಿಕೆ. ಮುಖ್ಯೋಪಾಧ್ಯಾಯರಾದರೋ ತಟ್ಟೆ ಹಿಡಿದು ಮಕ್ಕಳ ಪಂಕ್ತಿಯಲ್ಲೇ ಕುಳಿತುಣ್ಣುತ್ತಿದ್ದರು. ‘ಒಂದು ದಿನ ಸಾಂಬಾರಿಗೆ ಉಪ್ಪು ಕಡಮೆಯಾಗಿತ್ತು, ಸಾರ್. ತಾವು ಅಡುಗೆಯಮ್ಮನವರನ್ನು ಏನೂ ಅನ್ನಲಿಲ್ಲ. ಉಪ್ಪಿನ ಬಟ್ಟಲು ಹಿಡಿದು ತಾವೇ ಸಾಲಿನಲ್ಲಿ ಬಂದಿರಿ. ನನ್ನ ತಟ್ಟೆಗೆ ಹೆಚ್ಚಾಗಿ ಬಿತ್ತು.’ ಕೊನೆಯ ವಾಕ್ಯವನ್ನು ತೆಗೆಯಬೇಕೆಂದು ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು ಸೂಚಿಸಿದರಂತೆ. ಗುರುವಿನ ಕೈತಪ್ಪನ್ನು ಸಭೆಯಲ್ಲಿ ಹೇಳುವುದೇ ಎಂಬುದು ಅವರ ಅಳುಕು. ಪಂಡಿತರು ತೆಗೆಯಗೊಡಲಿಲ್ಲ. ನನ್ನ ಮತವೂ ಅದೇ: ಆ ಹಾಳೆಯಲ್ಲಿ ಬೇರೆ ಶಾಲೆಯ ಬೇರೆ ಮುಖ್ಯೋಪಾಧ್ಯಾಯರಿಗೆ ಒಪ್ಪದ ವಾಕ್ಯವೆಂದರೆ ಅದೊಂದೇ ಆಗಿತ್ತು. ‘ಜ್ಞಾನನಿಧಿ’ಯನ್ನಾದರೆ ಹೆಸರು ಬದಲಾಯಿಸಿ ಯಾವ ಊರಿನಲ್ಲಿಯೂ ಓದಬಹುದು.

ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲಗಳನ್ನು ಸಹೋದ್ಯೋಗಿಗಳ ಸಮಾರಂಭಕ್ಕೆ ಬಿಟ್ಟು, ಆ ಬೆಳಿಗ್ಗೆ ಸುಭಾಷಿತವಾದ ಮೇಲೆ ಹುಡುಗನು ಓದಿದನು. ಉಪ್ಪಿನ ಮಾತಿಗೆ ಸಭೆ ನಕ್ಕಿತು. ಅಡುಗೆಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕರು. ಮುಖ್ಯೋಪಾಧ್ಯಾಯರು ಹಾಳೆಯನ್ನು ಇಸಿದುಕೊಂಡು ಜೇಬಿಗಿಟ್ಟು, ಮೈಕಿನ ಮುಂದೆ ನಿಂತು, ತಾವು ಇನ್ನೂ ಐವತ್ತೆರಡು ದಿನ ಮುಖ್ಯೋಪಾಧ್ಯಾಯರೇ ಎಂದೂ, ನಾಳೆ ಫಲಿತಾಂಶವಿದೆಯೆಂದೂ, ಗ್ರಂಥಾಲಯದ ಪುಸ್ತಕ ಹಿಂದಿರುಗಿಸದವರಿಗೆ ಅಂಕಪಟ್ಟಿ ಸಿಗದೆಂದೂ ತಿಳಿಸಿ, ರಾಷ್ಟ್ರಗೀತೆಗೆ ಸಾವಧಾನ್ ಹೇಳಿಸಿದರು.