ಗೇಟಿನಲ್ಲಿ ನಿದ್ದೆ, ರಿಜಿಸ್ಟರಿನಲ್ಲಿ ಖಾಲಿ ಸಾಲು

ರಾತ್ರಿ ಮೂರು ಗಂಟೆಗೆ ಏರ್‌ಪೋರ್ಟಿನಿಂದ ಮನೆಗೆ ಬಂದ ನಿವಾಸಿಯೊಬ್ಬರು ಹಾರ್ನ್ ಹೊಡೆದು ಸಾಕಾಗಿ, ತಾವೇ ಇಳಿದು ಗೇಟು ತೆಗೆಯುತ್ತಾರೆ. ಕುರ್ಚಿಯಲ್ಲಿ ಕತ್ತು ವಾಲಿಸಿ ಮಲಗಿದ ಗಾರ್ಡ್‌ನ ಫೋಟೊ ಬೆಳಗಾಗುವುದರೊಳಗೆ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ನಲವತ್ತು ಜನ ಸಿಟ್ಟಿನ ಗೊಂಬೆ ಒತ್ತುತ್ತಾರೆ. ಅಧ್ಯಕ್ಷರು ಏಜೆನ್ಸಿಗೆ ಫೋನ್ ಮಾಡಿ ಎರಡು ಮಾತು ಬೈಯುತ್ತಾರೆ. ಸಂಜೆಗೆ ಹೊಸ ಗಾರ್ಡ್ ಬರುತ್ತಾನೆ, ಹಳಬನನ್ನು ಬೇರೆ ಸೈಟಿಗೆ ಕಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಹೊಸಬನೂ ಮಲಗಿರುತ್ತಾನೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಹೊಸ ಕತೆಯೇನಲ್ಲ. ಫೋನಿನಲ್ಲಿ ಹೇಳಿದ ದೂರಿಗೆ ದಾಖಲೆ ಇರುವುದಿಲ್ಲ, ಫೋಟೊದಲ್ಲಿ ಆತ ಎಷ್ಟು ಹೊತ್ತು ಮಲಗಿದ್ದ ಎಂಬುದು ಗೊತ್ತಾಗುವುದಿಲ್ಲ. ‘ಒಂದು ನಿಮಿಷ ಕಣ್ಣು ಮುಚ್ಚಿದ್ದ ಸರ್’ ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಏಜೆನ್ಸಿ ಜಾರಿಕೊಳ್ಳಲಾಗದಂಥ ದೂರು ಬೇಕಾದರೆ ಸಿಸಿಟಿವಿ, ವಿಸಿಟರ್ ರಿಜಿಸ್ಟರ್, ಗಾರ್ಡ್‌ಗಳ ಅಟೆಂಡೆನ್ಸ್ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂರಬೇಕು. ಮೊದಲು ನೋಡಬೇಕಾದ್ದು ಕ್ಯಾಮೆರಾದ ಗಡಿಯಾರ. ಡಿವಿಆರ್‌ನ ಸಮಯ ಐದೋ ಹತ್ತೋ ನಿಮಿಷ ಮುಂದೆ ಹಿಂದೆ ಓಡುವುದು ಮಾಮೂಲು. ಆ ವ್ಯತ್ಯಾಸವನ್ನು ಬರೆದಿಡದೆ ರಿಜಿಸ್ಟರ್ ಜೊತೆ ತಾಳೆ ನೋಡಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯ ದೃಶ್ಯಗಳ ಮೇಲೆ ಹೊಸವು ಬರೆದುಕೊಳ್ಳುತ್ತವೆ. ಅನೇಕ ಕಡೆ ಎರಡರಿಂದ ನಾಲ್ಕು ವಾರದೊಳಗೇ ಹೀಗಾಗುತ್ತದೆ. ಹಾಗಾಗಿ ಬೇಕಾದ ತುಣುಕನ್ನು ಅದೇ ವಾರ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಬೇಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ನೂರು ಮನೆಗಳ ಅಪಾರ್ಟ್‌ಮೆಂಟ್, ಶನಿವಾರ ರಾತ್ರಿ. ಒಂಬತ್ತರಿಂದ ಹನ್ನೊಂದರವರೆಗಿನ ದೃಶ್ಯದಲ್ಲಿ ಹೊರಗಿನ 14 ಜನ ಗೇಟು ದಾಟಿದ್ದಾರೆ, ರಿಜಿಸ್ಟರಿನಲ್ಲಿರುವುದು 9 ಎಂಟ್ರಿ. ಬಿಟ್ಟುಹೋದ ಐವರಲ್ಲಿ ಮೂವರು ಊಟ ತಂದ ಡೆಲಿವರಿ ಹುಡುಗರು, ಇಬ್ಬರು ನಿವಾಸಿಯೊಬ್ಬರ ಕಾರಿನಲ್ಲೇ ಬಂದ ಸ್ನೇಹಿತರು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಡೆಲಿವರಿ ಹುಡುಗರನ್ನು ಬರೆಸದೆ ಬಿಟ್ಟದ್ದು ಗಾರ್ಡ್‌ನ ತಪ್ಪು. ನಿವಾಸಿಯ ಕಾರನ್ನು ನಿಲ್ಲಿಸಿ ಒಳಗೆ ಯಾರಿದ್ದಾರೆಂದು ಕೇಳಬೇಕೋ ಬೇಡವೋ ಎಂಬುದನ್ನು ಸಂಘವೇ ಎಂದೂ ತೀರ್ಮಾನಿಸಿಲ್ಲದಿದ್ದರೆ, ಅದನ್ನು ದೂರಿನಲ್ಲಿ ಸೇರಿಸುವುದು ನ್ಯಾಯವಲ್ಲ. ಸೇರಿಸಿದರೆ ಏಜೆನ್ಸಿ ಆ ಒಂದನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತದೆ.

ಅದೇ ರಾತ್ರಿ 2.40ರಿಂದ 3.25ರವರೆಗೆ ಗಾರ್ಡ್ ಕುರ್ಚಿಯಿಂದ ಅಲ್ಲಾಡಿಲ್ಲ. ಈಗ ಅಟೆಂಡೆನ್ಸ್ ತೆಗೆದು ನೋಡಿದರೆ, ಅದೇ ಹೆಸರು ಶನಿವಾರ ಬೆಳಗಿನ ಎಂಟರ ಪಾಳಿಯಲ್ಲೂ ಇದೆ! ರಾತ್ರಿಗೆ ರಿಲೀವರ್ ಬರಲಿಲ್ಲ, ಹಗಲಿನವನನ್ನೇ ನಿಲ್ಲಿಸಿಕೊಂಡರು. ಹತ್ತೊಂಬತ್ತು ಗಂಟೆ ಡ್ಯೂಟಿ ಮಾಡಿದವನು ನಸುಕಿನ ಮೂರಕ್ಕೆ ಮಲಗದಿದ್ದರೇ ಆಶ್ಚರ್ಯ. ಹನ್ನೆರಡು ಗಂಟೆಯ ಎರಡು ಪಾಳಿಯಲ್ಲಿ ನಡೆಯುವ ಸೈಟುಗಳಲ್ಲಿ ಈ ‘ಡಬಲ್ ಡ್ಯೂಟಿ’ಯೇ ನಿದ್ದೆಯ ದೊಡ್ಡ ಕಾರಣ. ಅದಕ್ಕೆ ಉತ್ತರ ಕೊಡಬೇಕಾದವರು ಏಜೆನ್ಸಿಯ ಫೀಲ್ಡ್ ಆಫೀಸರ್.

ಹೀಗಿರುವಾಗ ಪತ್ರ ಗಾರ್ಡ್‌ನ ಹೆಸರಿಡಿದು ಬೈಯುವ ಧಾಟಿಯಲ್ಲಿ ಹೋಗಬಾರದು. ಸಂಘದ ಲೆಟರ್‌ಹೆಡ್‌ನಲ್ಲಿ, ಏಜೆನ್ಸಿ ಮಾಲೀಕರ ಹೆಸರಿಗೆ, ಕಾರ್ಯದರ್ಶಿಯ ಸಹಿಯೊಂದಿಗೆ ಹೋಗಬೇಕು. ಅದರ ತಿರುಳು ಇಷ್ಟಿದ್ದರೆ ಸಾಕು: ‘ಶನಿವಾರ ರಾತ್ರಿ ಮುಖ್ಯ ಗೇಟಿನಲ್ಲಿ 45 ನಿಮಿಷ ಕಾವಲು ಇರಲಿಲ್ಲ. ಮೂವರು ಹೊರಗಿನವರ ಎಂಟ್ರಿ ಆಗಿಲ್ಲ. ಅದೇ ಗಾರ್ಡ್ ಅಂದು ಹಗಲು ಪಾಳಿಯನ್ನೂ ಮಾಡಿದ್ದಾರೆ. ದೃಶ್ಯದ ಪ್ರತಿ, ರಿಜಿಸ್ಟರ್ ಮತ್ತು ಅಟೆಂಡೆನ್ಸ್ ಹಾಳೆಗಳ ನಕಲು ಲಗತ್ತಿಸಿದೆ. ರಿಲೀವರ್ ಏಕೆ ಬರಲಿಲ್ಲ, ಆ ತಿಂಗಳು ಫೀಲ್ಡ್ ಆಫೀಸರ್ ಯಾವ ಯಾವ ರಾತ್ರಿ ತಪಾಸಣೆಗೆ ಬಂದಿದ್ದರು ಎಂಬುದನ್ನು ಏಳು ದಿನದೊಳಗೆ ಲಿಖಿತವಾಗಿ ತಿಳಿಸಿ.’

ಒಪ್ಪಂದದಲ್ಲಿ ದಂಡದ ಷರತ್ತು ಇದ್ದರೆ ಅದರ ಸಂಖ್ಯೆಯನ್ನೂ ನಮೂದಿಸಬಹುದು. ಆದರೆ ಬಿಲ್ಲಿನಲ್ಲಿ ಹಿಡಿದ ಹಣವನ್ನು ಗಾರ್ಡ್‌ನ ಸಂಬಳದಿಂದ ಮುರಿಯಕೂಡದು ಎಂದು ಅದೇ ಪತ್ರದಲ್ಲಿ ಬರೆಯುವುದು ಒಳ್ಳೆಯದು. ಇಲ್ಲದಿದ್ದರೆ ಏಜೆನ್ಸಿಗೆ ಬಿದ್ದ ದಂಡವನ್ನು ಕೊನೆಗೆ ತೆರುವವನು ಆ ನಿದ್ದೆಗೆಟ್ಟವನೇ.

ಉತ್ತರ ಬಾರದಿದ್ದರೆ ಕೇಳಲು ಇನ್ನೊಂದು ದಾರಿ ಇದೆ. ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005ರ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಕಡ್ಡಾಯ, ಗಾರ್ಡ್‌ಗಳಿಗೆ ತರಬೇತಿಯೂ ಆಗಿರಬೇಕು. ಕೇಂದ್ರದ 2006ರ ಮಾದರಿ ನಿಯಮಗಳು ಈ ತರಬೇತಿಗೆ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ಎಂದು ನಿಗದಿ ಮಾಡಿದ್ದವು. ಬಂದವರ ಗುರುತಿನ ಚೀಟಿ ನೋಡುವುದೂ ಆ ಪಾಠದ ಭಾಗ. ಲೈಸೆನ್ಸ್ ಪ್ರತಿಯನ್ನೂ ಪ್ರತಿ ಗಾರ್ಡ್‌ನ ತರಬೇತಿ ಪ್ರಮಾಣಪತ್ರವನ್ನೂ ಕೊಡಿ ಎಂದು ಎರಡನೆಯ ಪತ್ರ ಬರೆಯಬಹುದು. ನಿದ್ದೆ ಮಾಡಿದ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ಹೋಗುತ್ತದೆಂದು ನಂಬಿ ಕೂರುವಂತಿಲ್ಲ. ಲೈಸೆನ್ಸೇ ಇಲ್ಲದಿದ್ದರೆ ಮಾತ್ರ ಅದು ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ ನೇರವಾಗಿ ಒಯ್ಯಬಹುದಾದ ದೂರು.