ಲೋಟ ಬೇಡ, ಚಮಚ ಸಾಕು

ರಾತ್ರಿ 1.30ಕ್ಕೆ ಅಕ್ಕ ಎಬ್ಬಿಸಿದಳು. "ಏಳೋ, ನಿಮ್ಮ ಭಾವಂಗೆ ವಾಂತಿ ನಿಲ್ತಾನೇ ಇಲ್ಲ." 46 ವರ್ಷದ ಗಟ್ಟಿ ಆಳು ಬಚ್ಚಲ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದರು. ಅರ್ಧ ಗಂಟೆಯಲ್ಲಿ ಮೂರು ವಾಂತಿ, ಎರಡು ಸಲ ನೀರಿನಂಥ ಭೇದಿ. ಹೊಟ್ಟೆ ಬರಿದಾಯಿತಲ್ಲ ಎಂದು ಅಕ್ಕ ದೊಡ್ಡ ಲೋಟದ ತುಂಬ ನಿಂಬೆ ಪಾನಕ ಮಾಡಿಕೊಟ್ಟಳು. ಗಂಟಲೊಣಗಿದ್ದ ಭಾವ ಗಟಗಟ ಕುಡಿದರು. ಐದು ನಿಮಿಷ ಕಳೆಯುವುದರೊಳಗೆ ಕುಡಿದದ್ದೆಲ್ಲ ಬಚ್ಚಲಲ್ಲಿತ್ತು.

ಸಂಜೆ ಹೋಟೆಲಿನಲ್ಲಿ ತಿಂದ ಇಡ್ಲಿಯನ್ನು ಅಕ್ಕ ಬೈಯುತ್ತಿದ್ದಳು. ಇಡ್ಲಿ ಬಹುಶಃ ನಿರಪರಾಧಿ. ದೊಡ್ಡವರಲ್ಲಿ ಹೀಗೆ ದಿಢೀರನೆ ವಾಂತಿ-ಭೇದಿ ತರುವ ವೈರಸ್‌ಗಳಲ್ಲಿ ನೊರೊವೈರಸ್ ಮುಖ್ಯವಾದದ್ದು. ಅದು ಒಳಗೆ ಹೊಕ್ಕ 12ರಿಂದ 48 ಗಂಟೆಯ ಮೇಲೆ ತಲೆಯೆತ್ತುತ್ತದೆ. ಹಿಂದಿನ ದಿನ ಮಧ್ಯಾಹ್ನ ಭಾವ ನೆಂಟರ ಮದುವೆಯಲ್ಲಿ ಉಂಡಿದ್ದರು. ಅವರ ಪಕ್ಕದಲ್ಲಿ ಕೂತಿದ್ದ ಇಬ್ಬರೂ ಅದೇ ರಾತ್ರಿ ಮಲಗಿದ್ದರೆಂದು ಬೆಳಿಗ್ಗೆ ತಿಳಿಯಿತು.

ಆರೋಗ್ಯದ ಪುಟಕ್ಕೆ ವರ್ಷಗಟ್ಟಲೆ ಬರೆದಿದ್ದರಿಂದ ಮುಂದೇನು ಮಾಡಬೇಕೆಂದು ನನಗೆ ಗೊತ್ತಿತ್ತು. ಕಷ್ಟವಾದದ್ದು ಅಕ್ಕನ ಕೈಯಿಂದ ಲೋಟ ಬಿಡಿಸುವುದು. ಸೋಂಕಿನಿಂದ ಕೆರಳಿದ ಹೊಟ್ಟೆ ಹಿಗ್ಗಿದರೆ ಸಾಕು, ಮತ್ತೆ ವಾಂತಿ. ಲೋಟದ ನೀರು ಅದನ್ನು ಹಿಗ್ಗಿಸುತ್ತದೆ. ಚಮಚದ ನೀರು ಹೊಟ್ಟೆಯ ಅರಿವಿಗೆ ಬರುವ ಮೊದಲೇ ಕರುಳಿಗೆ ಇಳಿದಿರುತ್ತದೆ, ಅಲ್ಲಿ ಮೈಗೆ ಸೇರುತ್ತದೆ.

ಮೊದಲ ಅರ್ಧ ಗಂಟೆ ಏನನ್ನೂ ಕೊಡಲಿಲ್ಲ. ಭಾವ ಬಾಯಿ ಮುಕ್ಕಳಿಸಿ, ದಿಂಬಿಗೆ ಒರಗಿ ಕೂತರು. ಅಷ್ಟರಲ್ಲಿ ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಕಲಸಿದೆ. ಅರ್ಧ ಪೊಟ್ಟಣ ಅಂದಾಜಿಗೆ ಹಾಕಬಾರದು, ಉಪ್ಪು-ಸಕ್ಕರೆಯ ಹದ ಕೆಡುತ್ತದೆ. ಈ ಎರಡೂ ಜೊತೆಗಿದ್ದರೇ ಕರುಳು ನೀರನ್ನು ಚೆನ್ನಾಗಿ ಎಳೆದುಕೊಳ್ಳುವುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರಿನ ಮೇಲೆ ನಮಗೆಲ್ಲ ಭಕ್ತಿ ಜಾಸ್ತಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ವಾಂತಿ-ಭೇದಿಯಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬಿಕೊಡಲಾರದು.

2 ಗಂಟೆಗೆ ಶುರು. ಐದು ನಿಮಿಷಕ್ಕೊಂದು ಟೀ ಚಮಚ, ಅಂದರೆ 5 ಎಂಎಲ್. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡೆವು. ಭಾವ "ಇನ್ನೊಂದ್ ಸ್ವಲ್ಪ ಕೊಡ್ರೋ" ಎಂದು ಅಂಗಲಾಚಿದರೂ ಕೊಡಲಿಲ್ಲ. ಒಂದು ಗಂಟೆಗೆ ಹೋದದ್ದು ಬರೀ 60 ಎಂಎಲ್, ಆದರೆ ಅಷ್ಟೂ ಒಳಗೆ ಉಳಿಯಿತು. 3 ಗಂಟೆಯಿಂದ ಐದು ನಿಮಿಷಕ್ಕೆ ಮೂರು ಚಮಚ ಮಾಡಿದೆವು. 3.40ಕ್ಕೆ ಮತ್ತೆ ವಾಂತಿ.

ಇಲ್ಲಿಯೇ ಬಹಳ ಜನ ಕೈಚೆಲ್ಲುವುದು. ಒಂದು ವಾಂತಿಯಾದ ಮಾತ್ರಕ್ಕೆ ಕುಡಿದದ್ದೆಲ್ಲ ಹೋಯಿತೆಂದಲ್ಲ. ಇಪ್ಪತ್ತು ನಿಮಿಷ ಬಿಟ್ಟು, ಮತ್ತೆ ಒಂದು ಚಮಚದಿಂದ ಶುರು ಮಾಡಬೇಕು. ಆ ಬಿಡುವಿನಲ್ಲಿ ಡಾಕ್ಟರಾಗಿರುವ ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿದೆ. ಎದೆನೋವು ಇದೆಯಾ, ಹಾರ್ಟಿನ ತೊಂದರೆ ಏನಾದರೂ ಇದೆಯಾ, ಬೇರೆ ಯಾವ ಮಾತ್ರೆ ತಗೊಳ್ತಾರೆ ಎಂದೆಲ್ಲ ಕೇಳಿಕೊಂಡ ಮೇಲೆಯೇ ಅವಳು ಒಂಡಾನ್ಸೆಟ್ರಾನ್ 4 ಮಿಲಿಗ್ರಾಮಿನ, ನಾಲಿಗೆಯ ಮೇಲೆ ಕರಗುವ ಮಾತ್ರೆ ಕೊಡಲು ಹೇಳಿದ್ದು. ಮನೆಯಲ್ಲಿ ಉಳಿದಿದ್ದ ಪಟ್ಟಿಯ ಹೆಸರು, ತಾರೀಕು ಎರಡನ್ನೂ ಓದಿ ಹೇಳಿಸಿಕೊಂಡಳು. ಕೆಲವರಲ್ಲಿ ಈ ಔಷಧ ಹೃದಯದ ಬಡಿತದ ಲಯ ಕೆಡಿಸಬಹುದು. ಆದ್ದರಿಂದ ಡಾಕ್ಟರನ್ನು ಕೇಳದೆ ಬೇಡ.

ಅವಳೇ ಇನ್ನೊಂದು ಉಪಾಯ ಹೇಳಿದಳು. ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸುತ್ತಾರಲ್ಲ, ಆ ಸ್ಪಿರಿಟ್ ಸ್ವಾಬನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ನಾಲ್ಕಾರು ಸಲ ಉಸಿರೆಳೆಯುವುದು. ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಓಕರಿಕೆ ಇಳಿಯುತ್ತದೆ. ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಿದ್ದ ನಮ್ಮಜ್ಜಿ ಕೇಳಿದ್ದರೆ ನಗುತ್ತಿದ್ದಳು. ಒಗ್ಗರಣೆಯ ವಾಸನೆ ಬರದಂತೆ ಅಡುಗೆಮನೆ ಬಾಗಿಲು ಹಾಕಿ ಕಿಟಕಿ ತೆರೆದದ್ದೂ ಅಷ್ಟೇ ಕೆಲಸ ಮಾಡಿತು.

4 ಗಂಟೆಗೆ ಮತ್ತೆ ಒಂದು ಚಮಚ, 4.30ರಿಂದ ಮೂರು. 6ರಿಂದ 8ರವರೆಗೆ ಐದು ನಿಮಿಷಕ್ಕೆ 30 ಎಂಎಲ್, ಕೆಮ್ಮಿನ ಔಷಧಿ ಬಾಟಲಿಯ 10 ಎಂಎಲ್ ಮುಚ್ಚಳದಲ್ಲಿ ಮೂರು ಸಲ. ಲೆಕ್ಕ ಹಾಕಿದರೆ ಬೆಳಗಾಗುವಷ್ಟರಲ್ಲಿ ಭಾವ 1200 ಎಂಎಲ್ ಕುಡಿದಿದ್ದರು. 7.30ಕ್ಕೆ ಸ್ವಲ್ಪವೇ, ಕಡು ಹಳದಿ ಬಣ್ಣದ ಮೂತ್ರವಾಯಿತು. 11ಕ್ಕೆ ಬಣ್ಣ ತಿಳಿಯಾಗಿತ್ತು. ಮಧ್ಯಾಹ್ನ ಉಪ್ಪು ಹಾಕಿದ ಗಂಜಿ ತಿಳಿ ಕುಡಿದರು. ಅವರ ಬಿ.ಪಿ. ಮಾತ್ರೆ ಮೂತ್ರ ಹೆಚ್ಚಿಸುವ ಜಾತಿಯದು; ಸರಿಯಾಗಿ ಉಂಡು ಕುಡಿಯುವವರೆಗೆ ಬೇಡವೆಂದು ತಂಗಿಯೇ ನಿಲ್ಲಿಸಿದ್ದಳು. ಸಕ್ಕರೆ ಕಾಯಿಲೆಯವರು ಇಂಥ ಹೊತ್ತಿನಲ್ಲಿ ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸಬಾರದು, ಮಾತ್ರೆಗಳ ವಿಷಯವನ್ನೂ ಅದೇ ದಿನ ಡಾಕ್ಟರಲ್ಲಿ ಕೇಳಬೇಕು. ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಬಾರದು; ನೀರು ಬತ್ತಿದ ಮೈಯಲ್ಲಿ ಅದು ಕಿಡ್ನಿಗೆ ಪೆಟ್ಟು.

ಚಮಚ ಎಲ್ಲರಿಗೂ ಸಾಲುವುದಿಲ್ಲ. ಒಂದು ದಿನ ಪ್ರಯತ್ನಪಟ್ಟರೂ ಗುಟುಕು ನೀರು ನಿಲ್ಲದಿದ್ದರೆ ಡ್ರಿಪ್ಸ್ ಬೇಕೇ ಬೇಕು. ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ, ಮಾತು ತೊದಲಿ ಗೊಂದಲವಾದರೆ ಆ ಒಂದು ದಿನವನ್ನೂ ಕಾಯಬಾರದು. ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥದ್ದೋ ಕಂಡರೆ, ಅಚ್ಚ ಹಸಿರು ಪಿತ್ತ ಬರುತ್ತಲೇ ಇದ್ದರೆ, ಭೇದಿಯಲ್ಲಿ ರಕ್ತವಿದ್ದರೆ, ಹೊಟ್ಟೆ ಒಂದೇ ಕಡೆ ಬಿಡದೆ ನೋಯುತ್ತಿದ್ದರೆ ಕೂಡಲೇ ಹೊರಡಿ. 65 ದಾಟಿದವರು, ಗರ್ಭಿಣಿಯರು, ಹೃದಯ-ಕಿಡ್ನಿ ತೊಂದರೆಯವರು, ಸಕ್ಕರೆ ಕಾಯಿಲೆಯವರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಭೇದಿಯಿಲ್ಲದ ಬರೀ ವಾಂತಿ. ಎದೆ ಬಿಗಿತ, ತಣ್ಣನೆ ಬೆವರು ಅದರ ಜೊತೆಗಿದ್ದರೆ ನಮ್ಮಲ್ಲಿ "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿಸುವವರೇ ಹೆಚ್ಚು. ಅದು ಹೃದಯಾಘಾತವಿರಬಹುದು. 108ಕ್ಕೆ ಫೋನ್ ಮಾಡಿ, ಇಸಿಜಿ ಆಗುವವರೆಗೆ ಬೇರೇನೂ ನಂಬಬೇಡಿ.

ಮೂರನೆಯ ದಿನ ಭಾವ ಆಫೀಸಿಗೆ ಹೊರಟು ನಿಂತರು. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಮನೆಯಲ್ಲೇ ಇರಬೇಕು, ಅಡುಗೆಮನೆಗೆ ಹೋಗಬಾರದು ಎಂದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬಂದರು. ನೊರೊವೈರಸ್ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ಹಚ್ಚಿ ನೀರಲ್ಲೇ ತೊಳೆಯಬೇಕು.